ಹತ್ತು ತಿಂಗಳು ಕಟ್ಟಿಹಾಕಿದ 750 ಪೌಂಡ್: ವಿಶ್ವಕಪ್ ವಿಜೇತರ ಮೇಲಿನ ಒಂದು ಬಾಜಿಯ ಲೆಕ್ಕ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿಯನ್ನು ಶ್ರೀಧರ ಎಂದು ಕರೆಯೋಣ. ಅದು ಅವರ ಹೆಸರಲ್ಲ. ಧಾರವಾಡ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿ ಗೃಹಸಾಲದ ಮೇಲೆ ಕೊಂಡ ಫ್ಲ್ಯಾಟಿನಲ್ಲಿ ಸಂಸಾರ, ಸಾಫ್ಟ್‌ವೇರ್ ಕೆಲಸ. ಕಂಪನಿ ಅವರನ್ನು 2022ರ ಕೊನೆಗೆ ಒಂದು ವರ್ಷದ ಮಟ್ಟಿಗೆ ಇಂಗ್ಲೆಂಡಿಗೆ ಕಳುಹಿಸಿತ್ತು. ನಾನು ಮುಂಬಯಿಯ ಒಂದು ವಿಮಾ ಕಂಪನಿಯಲ್ಲಿ ಆಕ್ಚುಯರಿಯಾಗಿ ಕೆಲಸ ಮಾಡುತ್ತೇನೆ, ಅಂದರೆ ಯಾವ ಅಪಾಯಕ್ಕೆ ಎಷ್ಟು ಬೆಲೆ ಹಾಕಬೇಕೆಂದು ಲೆಕ್ಕ ಹಾಕುವುದೇ ನನ್ನ ಕಸುಬು. ಶ್ರೀಧರರು ತಮ್ಮ ಲೆಕ್ಕದ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟು, ಹೆಸರು ಬರದಂತೆ ಬರೆಯಲು ಒಪ್ಪಿದ್ದರಿಂದ ಈ ಬರಹ ಸಾಧ್ಯವಾಯಿತು. ಗುರುತು ಸಿಗದಿರಲೆಂದು ದರಗಳನ್ನೂ ಮೊತ್ತಗಳನ್ನೂ ತುಸು ದುಂಡಗೆ ಮಾಡಿದ್ದೇನೆ. ಪೌಂಡಿಗೆ 100 ರೂಪಾಯಿ ಎಂದೇ ಹಿಡಿದಿದ್ದೇನೆ. ಲೆಕ್ಕದ ಹಾದಿ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ.

ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದ ಬುಕ್‌ಮೇಕರ್ ಬಳಿ ಹಣ ಕಟ್ಟುವುದು ಕಾನೂನಿಗೆ ವಿರುದ್ಧವಲ್ಲ, ಪೇಟೆ ಬೀದಿಯಲ್ಲಿ ಔಷಧದಂಗಡಿಯ ಪಕ್ಕದಲ್ಲೇ ಅದರ ಅಂಗಡಿಯೂ ಇರುತ್ತದೆ. 2023ರ ಜನವರಿ 15ರಂದು ಶ್ರೀಧರರು ತಮ್ಮ ಫೋನಿನಲ್ಲಿ ಅಂಥದೊಂದು ಖಾತೆ ತೆರೆದು, ಆ ವರ್ಷ ಭಾರತದಲ್ಲಿ ನಡೆಯಲಿದ್ದ ಏಕದಿನ ವಿಶ್ವಕಪ್ಪನ್ನು ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಬಾಜಿ ಕಟ್ಟಿದರು. ಒಂದು ಪಂದ್ಯದ ಫಲಿತಾಂಶಕ್ಕಲ್ಲದೆ ಇಡೀ ಪಂದ್ಯಾವಳಿಯ ವಿಜೇತರ ಮೇಲೆ, ಅದೂ ತಿಂಗಳುಗಟ್ಟಲೆ ಮೊದಲೇ ಕಟ್ಟುವ ಇಂಥ ಬಾಜಿಯನ್ನು ಔಟ್‌ರೈಟ್ ಎನ್ನುತ್ತಾರೆ. ಭಾರತದ ಮೇಲೆ 3.25ರ ದರದಲ್ಲಿ 400 ಪೌಂಡ್, ಇಂಗ್ಲೆಂಡ್ ಮೇಲೆ 4.50ರಲ್ಲಿ 200, ಪಾಕಿಸ್ತಾನದ ಮೇಲೆ 8.00ರಲ್ಲಿ 120, ಮತ್ತು ವೆಸ್ಟ್ ಇಂಡೀಸ್ ಮೇಲೆ 34ರಲ್ಲಿ 30. ಕೊನೆಯದು ತಂದೆಯ ನೆನಪಿಗೆ: ಅವರ ತಂದೆ ಕ್ಲೈವ್ ಲಾಯ್ಡ್ ಕಾಲದ ತಂಡವನ್ನು ರೇಡಿಯೊದಲ್ಲಿ ಕೇಳಿ ಮೆಚ್ಚಿದ್ದವರು. ಒಟ್ಟು 750 ಪೌಂಡ್. ಇಲ್ಲಿ ದರವೆಂದರೆ ಗೆದ್ದಾಗ ಒಂದು ಪೌಂಡಿಗೆ ಅಸಲೂ ಸೇರಿ ಮರಳುವ ಮೊತ್ತ. ಹಾಗಾಗಿ ಭಾರತ ಗೆದ್ದರೆ 1,300 ಪೌಂಡ್ ಕೈಗೆ ಬರಬೇಕಿತ್ತು.

ನಾಲ್ಕು ತಂಡಗಳ ಮೇಲೆ ಹಂಚಿದ್ದರಿಂದ ಅಪಾಯ ಕಡಿಮೆಯಾಯಿತೆಂಬುದು ಅವರ ಎಣಿಕೆಯಾಗಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪ್ರತಿ ತಂಡದ ಮುಂದೆಯೂ ಮೂರು ಕಾಲಂ ಎಳೆದಿದ್ದಾರೆ: ಕಟ್ಟಿದ್ದು, ದರ, ಬರುವುದು. ನಾಲ್ಕನೆಯ ಕಾಲಂ ಇಲ್ಲ. ಈ ಪ್ರಕರಣದಲ್ಲಿ ನಡೆದದ್ದೆಲ್ಲ ಬಹುಪಾಲು ಆ ಇಲ್ಲದ ಕಾಲಂನಲ್ಲೇ ನಡೆಯಿತು.

ದರಪಟ್ಟಿಯನ್ನು ಕೂಡಿಸಿ ನೋಡಿದಾಗ

ಯಾವುದೇ ದರದ ಹಿಂದೆ ಒಂದು ಸಂಭವನೀಯತೆ ಅಡಗಿರುತ್ತದೆ. ಒಂದನ್ನು ಆ ದರದಿಂದ ಭಾಗಿಸಿದರೆ ಅದು ಹೊರಬರುತ್ತದೆ. 3.25 ಎಂದರೆ ಸುಮಾರು ಶೇಕಡಾ 30.8, 4.50 ಎಂದರೆ 22.2. ಒಂದು ಪಂದ್ಯಾವಳಿಯನ್ನು ಒಬ್ಬರೇ ಗೆಲ್ಲುವುದರಿಂದ ಎಲ್ಲ ತಂಡಗಳ ಸಂಭವನೀಯತೆಗಳನ್ನು ಕೂಡಿಸಿದರೆ ಸರಿಯಾಗಿ ನೂರು ಬರಬೇಕು. ಅಂದಿನ ಪಟ್ಟಿಯಲ್ಲಿ ಆಸ್ಟ್ರೇಲಿಯಾ 5.50, ನ್ಯೂಜಿಲೆಂಡ್ 9, ದಕ್ಷಿಣ ಆಫ್ರಿಕಾ 11, ಶ್ರೀಲಂಕಾ 26, ಬಾಂಗ್ಲಾದೇಶ 41, ಅಫ್ಘಾನಿಸ್ತಾನ 67 ಎಂದಿದ್ದವು. ಜೊತೆಗೆ ಅರ್ಹತೆಯೇ ಖಾತ್ರಿಯಿಲ್ಲದ ನಾಲ್ಕು ಸಣ್ಣ ತಂಡಗಳಿಗೆ ತಲಾ 251. ಇವನ್ನೆಲ್ಲ ಶ್ರೀಧರರ ಮುಂದೆಯೇ ಕೂಡಿಸಿದಾಗ ಬಂದದ್ದು 116.2. ನೂರರ ಮೇಲಿನ ಈ 16.2 ಅನ್ನೇ ಓವರ್‌ರೌಂಡ್ ಎನ್ನುವುದು. ಬುಕ್‌ಮೇಕರ್ ದೃಷ್ಟಿಯಿಂದ ಹೇಳುವುದಾದರೆ, ಪ್ರತಿ ತಂಡದ ಮೇಲೂ ದರಕ್ಕೆ ತಕ್ಕ ಪ್ರಮಾಣದಲ್ಲಿ ಹಣ ಬಂದರೆ, ಒಳಗೆ ಬಂದ ಪ್ರತಿ 116 ಪೌಂಡಿನಲ್ಲಿ ನೂರು ಮಾತ್ರ ಹೊರಗೆ ಹೋಗುತ್ತದೆ. ಅಂದರೆ ನೂರಕ್ಕೆ ಸುಮಾರು 14 ಅವರಲ್ಲೇ ಉಳಿಯುತ್ತದೆ.

ಇದೇ ಬುಕ್‌ಮೇಕರ್ ಸಮಬಲದ ಇಬ್ಬರ ಒಂದು ಪಂದ್ಯಕ್ಕೆ ಎರಡೂ ಕಡೆ 1.91 ದರ ಕೊಡುತ್ತಿದ್ದರು. ಅದರ ಮೊತ್ತ 104.7, ಉಳಿಕೆ ನೂರಕ್ಕೆ ನಾಲ್ಕೂವರೆ. ಒಂದೇ ಅಂಗಡಿಯ ಎರಡು ಸರಕುಗಳಲ್ಲಿ ಒಂದರ ಲಾಭಾಂಶ ಇನ್ನೊಂದರ ಮೂರರಷ್ಟು ಏಕಿರಬೇಕು ಎಂಬ ಪ್ರಶ್ನೆಗೆ ದುರಾಸೆ ಎಂದಷ್ಟೇ ಉತ್ತರಿಸಿದರೆ ಅದು ಅರ್ಧ ಉತ್ತರವಾಗುತ್ತದೆ.

ಮೊದಲನೆಯ ಕಾರಣ ಸಾಲಿನ ಉದ್ದ. ಎರಡೇ ಆಯ್ಕೆಗಳಿರುವ ಪಂದ್ಯದಲ್ಲಿ ದರ ಬಿಗಿಯಾದರೆ ಗಿರಾಕಿಗೆ ತಕ್ಷಣ ಗೊತ್ತಾಗುತ್ತದೆ, ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಹದಿನಾಲ್ಕು ತಂಡಗಳ ಪಟ್ಟಿಯಲ್ಲಿ ಗಿರಾಕಿ ನೋಡುವುದು ತನಗೆ ಬೇಕಾದ ಒಂದು ಸಾಲನ್ನು. ಇಡೀ ಪಟ್ಟಿಯನ್ನು ಕೂಡಿಸಿ ನೋಡುವವರು ಅಪರೂಪ. ಪ್ರತಿ ಸಾಲಿನಲ್ಲೂ ಒಂದಿಷ್ಟು ಕೆತ್ತಿಕೊಂಡರೆ ಒಟ್ಟು ದೊಡ್ಡದಾಗುತ್ತದೆ, ಆದರೆ ಕೆತ್ತಿದ ಗುರುತು ಎಲ್ಲಿಯೂ ಕಾಣುವುದಿಲ್ಲ. ಅದರಲ್ಲೂ ಹೆಚ್ಚು ಕೆತ್ತುವುದು ಉದ್ದ ದರದ, ಅಂದರೆ ಗೆಲ್ಲುವ ಸಂಭವ ಕಡಿಮೆಯಿರುವ ತಂಡಗಳ ಕಡೆಯಲ್ಲಿ. ಮೂವತ್ತು ಪೌಂಡಿಗೆ ಸಾವಿರ ಬರುತ್ತದೆಂಬ ಆಸೆಗೆ ಬೀಳುವವನು, ಅದು 34ರ ಬದಲು ನ್ಯಾಯವಾಗಿ 80 ಇರಬೇಕಿತ್ತೇ ಎಂದು ಕೇಳಲು ಹೋಗುವುದಿಲ್ಲ. ವೆಸ್ಟ್ ಇಂಡೀಸ್ ವಿಷಯದಲ್ಲಿ ಈ ಪ್ರಶ್ನೆ ಕೇಳಲೇಬೇಕಿತ್ತು: ಜನವರಿಯಲ್ಲಿ ಆ ತಂಡ ನೇರ ಅರ್ಹತೆಯ ಕೊನೆಯ ಸ್ಥಾನದಲ್ಲಿ, ಬೇರೆಯವರ ಫಲಿತಾಂಶಗಳ ಕೃಪೆಯಲ್ಲಿ ನೇತಾಡುತ್ತಿತ್ತು.

ಎರಡನೆಯ ಕಾರಣ ಬುಕ್‌ಮೇಕರ್‌ನ ನಿಜವಾದ ಭಯ. ಜನವರಿಯಲ್ಲಿ ಹಾಕಿದ ದರವನ್ನು ನವೆಂಬರ್‌ವರೆಗೆ ಹೊತ್ತುಕೊಂಡಿರಬೇಕು. ನಡುವೆ ನಾಯಕನ ಬೆನ್ನು ನೋಯಬಹುದು, ವೇಗದ ಬೌಲರ್ ಶಸ್ತ್ರಚಿಕಿತ್ಸೆಗೆ ಹೋಗಬಹುದು; ಆ ಸುದ್ದಿ ಬುಕ್‌ಮೇಕರ್‌ಗಿಂತ ಮೊದಲು ಯಾರಿಗೋ ತಿಳಿದರೆ, ಅವರು ಹಳೆಯ ದರದಲ್ಲೇ ಬಂದು ಕಟ್ಟಿ ಹೋಗುತ್ತಾರೆ. ಪಟ್ಟಿಯ ಮೇಲೆ ಹಣವೂ ಸಮನಾಗಿ ಬರುವುದಿಲ್ಲ, ನಾಲ್ಕು ಜನಪ್ರಿಯ ತಂಡಗಳ ಮೇಲೆಯೇ ಬಂದು ಬೀಳುತ್ತದೆ. ಈ ಅನಿಶ್ಚಿತತೆಗೆ ನಾವು ವಿಮೆಯಲ್ಲಿ ಪ್ರೀಮಿಯಂ ಮೇಲೆ ಒಂದು ಹೊರೆ ಹಾಕುತ್ತೇವೆ. ಅವರು ದರವನ್ನು ಕತ್ತರಿಸುತ್ತಾರೆ. ಇಷ್ಟರ ಮಟ್ಟಿಗೆ ಅವರ ಕೆಲಸ ನನಗೆ ಅರ್ಥವಾಗುತ್ತದೆ.

ಮೂರನೆಯದು, ಈ ಪೇಟೆಯಲ್ಲಿ ವ್ಯಾಪಾರ ಒಂದೇ ದಿಕ್ಕಿನದು. ಭಾರತ ಗೆಲ್ಲುತ್ತದೆ ಎಂದು ಕಟ್ಟಬಹುದು. ಗೆಲ್ಲುವುದಿಲ್ಲ ಎಂದು ಸಾಧಾರಣ ಬುಕ್‌ಮೇಕರ್ ಬಳಿ ಕಟ್ಟಲು ಬರುವುದಿಲ್ಲ. ಷೇರು ಪೇಟೆಯಲ್ಲಿ ಬೆಲೆ ಅತಿಯಾದರೆ ಮಾರುವವರು ಬಂದು ಇಳಿಸುತ್ತಾರೆ, ಇಲ್ಲಿ ಮಾರುವವನು ಒಬ್ಬನೇ. ಬಾಜಿ ವಿನಿಮಯ ಕೇಂದ್ರಗಳಲ್ಲಿ ಜನರು ತಮ್ಮತಮ್ಮಲ್ಲೇ ಎರಡೂ ಕಡೆ ಕಟ್ಟಬಹುದು, ಅಲ್ಲಿ ಮೊತ್ತ ನೂರರ ಹತ್ತಿರಕ್ಕೆ ಇಳಿಯುತ್ತದೆ ನಿಜ. ಆದರೆ ಅದು ಪಂದ್ಯಾವಳಿ ಹತ್ತಿರವಾದಾಗಿನ ಮಾತು. ಹತ್ತು ತಿಂಗಳು ಮೊದಲು ಅಲ್ಲಿ ಕಾದಿರುವ ಹಣವೇ ತೆಳುವಾಗಿರುತ್ತದೆ, ಕೊಳ್ಳುವ ಮತ್ತು ಮಾರುವ ದರಗಳ ನಡುವೆ ದೊಡ್ಡ ಕಂದಕವಿರುತ್ತದೆ, ಗೆದ್ದರೆ ಕಮಿಷನ್ ಬೇರೆ.

ಈ ಲೆಕ್ಕದಲ್ಲಿ ಶ್ರೀಧರರ ಹಂಚಿಕೆಗೆ ಏನಾಯಿತೆಂದು ನೋಡಿದರೆ, ನಾಲ್ಕು ಬಾಜಿಗಳೂ ಅದೇ 116ರ ಪಟ್ಟಿಯಿಂದ ಬಂದವು. ನಾಲ್ಕು ಕೊಂಡರೂ ನೂರಕ್ಕೆ ಹದಿನಾಲ್ಕು ನಾಲ್ಕರಲ್ಲೂ ಹೋಯಿತು. ಲಾಭಾಂಶವನ್ನು ಎಲ್ಲ ಸಾಲುಗಳಿಗೂ ಸಮಪ್ರಮಾಣದಲ್ಲಿ ಹಂಚಿ ತೆಗೆದರೆ, 750 ಪೌಂಡ್ ಕೊಟ್ಟು ಅವರು ಕೊಂಡದ್ದು ಸುಮಾರು 645 ಪೌಂಡ್ ಬೆಲೆಯ ವಸ್ತು. ಉದ್ದ ದರದಲ್ಲಿ ಕೆತ್ತನೆ ಹೆಚ್ಚಿರುವುದರಿಂದ ಭಾರತದ ಬಾಜಿಯ ನಿಜಬೆಲೆ ಇದಕ್ಕಿಂತ ತುಸು ಮೇಲೆ, ವೆಸ್ಟ್ ಇಂಡೀಸ್‌ನದು ಬಹಳ ಕೆಳಗೆ ಇದ್ದಿರಬೇಕು. ಚೀಟಿ ಕೈಗೆ ಬಂದ ಕ್ಷಣದ ಸ್ಥಿತಿ ಇದು. ಒಂದು ಚೆಂಡೂ ಬಿದ್ದಿರಲಿಲ್ಲ.

ಕಾಯುವಿಕೆಯ ಬಡ್ಡಿ

ಜನವರಿ 15ರಿಂದ ನವೆಂಬರ್ 19ರ ಫೈನಲ್‌ವರೆಗೆ 308 ದಿನ. ಆ ಅವಧಿಯುದ್ದಕ್ಕೂ ಶ್ರೀಧರರು ಪುಣೆಯ ಫ್ಲ್ಯಾಟಿನ ಗೃಹಸಾಲಕ್ಕೆ ಶೇಕಡಾ 9ರ ಬಡ್ಡಿ ಕಟ್ಟುತ್ತಿದ್ದರು. ಕೈಯಲ್ಲಿದ್ದ ಹಣವನ್ನು ಸಾಲಕ್ಕೆ ತುಂಬುವುದು ಅವರಿಗೆ ಲಭ್ಯವಿದ್ದ, ಯಾವ ಅಪಾಯವೂ ಇಲ್ಲದ ಮಾರ್ಗ. ಹಾಗಾಗಿ ಬಾಜಿಯ ಹಣಕ್ಕೆ ಬ್ಯಾಂಕ್ ಠೇವಣಿಯ ಬಡ್ಡಿಯನ್ನಲ್ಲ, ಸಾಲದ ಬಡ್ಡಿಯನ್ನೇ ಖರ್ಚೆಂದು ಹಿಡಿಯಬೇಕು: 308 ದಿನಕ್ಕೆ ಶೇಕಡಾ 7.6. ಜನವರಿಯ ಒಂದು ಪೌಂಡ್ ನವೆಂಬರ್‌ನಲ್ಲಿ 1.076 ಆಗಿ ಮರಳದಿದ್ದರೆ ಅದು ನಷ್ಟವೇ. ಭಾರತದ ಬಾಜಿ ನಷ್ಟವಿಲ್ಲದೆ ನಿಲ್ಲಲು ಗೆಲುವಿನ ಸಂಭವನೀಯತೆ 30.8 ಇದ್ದರೆ ಸಾಲದು, 33.1 ಇರಬೇಕು. ಬೇರೆ ಮಾತಿನಲ್ಲಿ, ಚೀಟಿಯ ಮೇಲೆ 3.25 ಎಂದು ಅಚ್ಚಾದ ದರ ಕಟ್ಟಿದ ದಿನದ ಹಣದಲ್ಲಿ ಸುಮಾರು 3.02.

ನನ್ನ ಕಸುಬಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಪ್ಪತ್ತು ವರ್ಷಗಳ ನಂತರ ಕೊಡಬೇಕಾದ ಹಣಕ್ಕೆ ಇಂದು ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ, ಆ ನಡುವಿನ ಅವಧಿಯಲ್ಲಿ ಹಣ ಗಳಿಸುವ ಬಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ವಿಮಾ ಕಂಪನಿ ಬೆಲೆ ಹಾಕುತ್ತದೆ. ಬುಕ್‌ಮೇಕರ್‌ನ ಔಟ್‌ರೈಟ್ ಪಟ್ಟಿಯಲ್ಲಿ ಅಂಥ ರಿಯಾಯಿತಿಯ ಸಾಲೇ ಇರುವುದಿಲ್ಲ. ಹಣ ಹತ್ತು ತಿಂಗಳು ಅವರ ಬಳಿ ಇರುತ್ತದೆ, ಅದರ ಬಡ್ಡಿ ಅವರದು; ಲಾಭಾಂಶವೂ ಅವರದು. ಎರಡನ್ನೂ ಒಟ್ಟಿಗಿಟ್ಟು, ಭಾರತಕ್ಕೆ ಪಟ್ಟಿಯಿಂದ ಶೋಧಿಸಿದ, ಅಂದರೆ 30.8ನ್ನು 116.2ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ 26.5ರ ಸಂಭವನೀಯತೆಯನ್ನು ಹಿಡಿದು ನೋಡಿದರೆ, ಆ 400 ಪೌಂಡಿನ ಬಾಜಿಯ ಸರಾಸರಿ ನಷ್ಟ ನೂರಕ್ಕೆ ಇಪ್ಪತ್ತೊಂದರಷ್ಟಾಗುತ್ತದೆ. ಭಾರತ ತಂಡದ ಬಗ್ಗೆ ಪಟ್ಟಿಗಿಂತ ಶ್ರೀಧರರಿಗೆ ಹೆಚ್ಚು ಗೊತ್ತಿದ್ದರೆ ಇದು ತುಂಬಬಹುದಿತ್ತು. ತವರಿನ ಪಿಚ್‌ಗಳಲ್ಲಿ ನಮ್ಮವರು ಬಲಿಷ್ಠರೆಂಬ ಅವರ ತಿಳಿವು ದರ ಹಾಕಿದವರಿಗೂ ಇತ್ತು.

ಜುಲೈ: ಎರಡು ತಿರುವುಗಳು

ಜುಲೈ 1ರಂದು ಹರಾರೆಯಲ್ಲಿ ಸ್ಕಾಟ್ಲೆಂಡ್ ಎದುರು ಸೋತು ವೆಸ್ಟ್ ಇಂಡೀಸ್ ವಿಶ್ವಕಪ್‌ನಿಂದ ಹೊರಬಿತ್ತು. 1975ರಿಂದ ಅದು ತಪ್ಪಿಸಿಕೊಂಡ ಮೊದಲ ಏಕದಿನ ವಿಶ್ವಕಪ್ ಅದು. ಆಡದ ತಂಡದ ಮೇಲಿನ ಹಣ ಮರಳಬೇಕಲ್ಲವೇ ಎಂದು ಶ್ರೀಧರರು ನಿಯಮಗಳನ್ನು ತೆರೆದು ನೋಡಿದರು. ಇಷ್ಟು ಮೊದಲೇ ಕಟ್ಟಿದ ಬಾಜಿಯಲ್ಲಿ ತಂಡ ಅರ್ಹತೆ ಪಡೆಯದಿದ್ದರೂ ಬಾಜಿ ಸೋತಂತೆಯೇ ಎಂದು ಅಲ್ಲಿ ಬರೆದಿತ್ತು. ಕುದುರೆ ಪಂದ್ಯದಲ್ಲೂ ದಿನಗಟ್ಟಲೆ ಮುಂಚಿನ ಬಾಜಿಗೆ ಸಾಮಾನ್ಯವಾಗಿ ಇದೇ ಕಟ್ಟಳೆ: ಕುದುರೆ ಓಡದಿದ್ದರೂ ಹಣ ಹೋಯಿತು. ಮೂವತ್ತು ಪೌಂಡ್ ದೊಡ್ಡದಲ್ಲವೆಂದು ಅವರು ಮುಂದೆ ಹೋದರು. ಆದರೆ ಇಲ್ಲಿ ಗಮನಿಸಬೇಕಾದದ್ದು, ಮುಂಚಿತವಾಗಿ ಕಟ್ಟುವವನು ಆಟದ ಅಪಾಯದ ಜೊತೆಗೆ ಆಟಕ್ಕೆ ಬರುವ ಮುಂಚಿನ ಅಪಾಯವನ್ನೂ ಹೊರುತ್ತಾನೆ. 34ರ ದರ ಅವೆರಡಕ್ಕೂ ಸೇರಿದ್ದಾಗಿತ್ತು.

ಎರಡನೆಯ ತಿರುವು ಆಟಕ್ಕೆ ಸಂಬಂಧಿಸಿದ್ದಲ್ಲ. ಆ ತಿಂಗಳ ಮಳೆಗೆ ಊರಿನ ಮಾಳಿಗೆ ಮನೆಯ ಹಿಂಬದಿ ಗೋಡೆ ಕುಸಿಯಿತು. ರಿಪೇರಿಗೆ ತಕ್ಷಣ 50,000 ರೂಪಾಯಿ ಬೇಕಾಯಿತು. ಸಂಬಳ ಕಂತಿಗೂ ಇಂಗ್ಲೆಂಡಿನ ಬಾಡಿಗೆಗೂ ಹೋಗುತ್ತಿತ್ತು, ಮರಳುವ ಟಿಕೆಟ್ ಆಗಲೇ ಕೊಂಡಾಗಿತ್ತು. ಖಾತೆಯಲ್ಲಿ ಕ್ಯಾಶ್‌ಔಟ್ ಎಂಬ ಬಟನ್ ಇತ್ತು. ಬಾಜಿ ಮುಗಿಯುವ ಮುನ್ನವೇ ಬುಕ್‌ಮೇಕರ್‌ಗೆ ಅದನ್ನು ಮರಳಿ ಮಾರುವ ಅವಕಾಶ. ಭಾರತದ ದರ 3.25ರಿಂದ 3.00ಕ್ಕೆ ಇಳಿದಿತ್ತು, ಅಂದರೆ ಭಾರತ ಗೆಲ್ಲುವ ನಂಬಿಕೆ ಪೇಟೆಯಲ್ಲಿ ಹೆಚ್ಚಾಗಿತ್ತು. ತಮಗೆ 400ಕ್ಕಿಂತ ಹೆಚ್ಚು ಸಿಗುತ್ತದೆಂದು ಶ್ರೀಧರರು ಬಟನ್ ಒತ್ತಿದರೆ, ಪರದೆಯ ಮೇಲೆ ಬಂದದ್ದು 356. ಇಂಗ್ಲೆಂಡಿನ 200ಕ್ಕೆ 164, ಪಾಕಿಸ್ತಾನದ 120ಕ್ಕೆ 99. ಒಟ್ಟು 619.

ಅವರು ನನಗೆ ಮೊದಲ ಬಾರಿ ಫೋನ್ ಮಾಡಿದ್ದು ಆ ರಾತ್ರಿ. “ಅಲ್ರೀ, ಭಾವ ನನ್ನ ಕಡೀಗೇ ಸರದದ. ಆದ್ರೂ ಕಟ್ಟಿದ್ದಕ್ಕಿಂತ ಕಡಿಮಿ ಕೊಡಾಕತ್ತಾರ. ಇದ್ಯಾವ ಲೆಕ್ಕರಿ?”

ಲೆಕ್ಕ ಹೀಗಿದೆ. ಕ್ಯಾಶ್‌ಔಟ್ ಮೊತ್ತವನ್ನು ಹಳೆಯ ದರವನ್ನು ಹೊಸ ದರದಿಂದ ಭಾಗಿಸಿ ಕೊಡುವುದಿಲ್ಲ. ಗೆದ್ದರೆ ಬರುವ ಮೊತ್ತ 1,300. ಅದಕ್ಕೆ ಬುಕ್‌ಮೇಕರ್ ತನ್ನ ಅಂದಾಜಿನ ನಿಜ ಸಂಭವನೀಯತೆಯನ್ನು ಗುಣಿಸುತ್ತಾನೆ. ಜುಲೈನಲ್ಲಿ ಹತ್ತೂ ತಂಡಗಳು ಖಚಿತವಾದ ಮೇಲೆ ಪಟ್ಟಿಯ ಮೊತ್ತ 112ರ ಸುತ್ತ ಇತ್ತು, ಆದ್ದರಿಂದ 3.00ರ ಹಿಂದಿನ ನಿಜ ಸಂಭವನೀಯತೆ 33.3 ಅಲ್ಲ, ಅದನ್ನು 112ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ 29.8. ಹಾಗಾಗಿ ಬಾಜಿಯ ನ್ಯಾಯವಾದ ಬೆಲೆ 387. ಅದರಲ್ಲಿ ನೂರಕ್ಕೆ ಎಂಟು ತನ್ನ ಹೊರಹೋಗುವ ಶುಲ್ಕವೆಂದು ಕಳೆದು 356 ಕೊಡಲು ಒಪ್ಪಿದ. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಹೀಗೆ ಲಾಭಾಂಶ ಎರಡು ಸಲ ಕಡಿಯಲ್ಪಡುತ್ತದೆ. ಎರಡನೆಯ ಸಲ ಅದು ಎಷ್ಟೆಂದು ಪರದೆಯ ಮೇಲೆ ಬರೆದಿರುವುದೂ ಇಲ್ಲ. ಗುರುತಿಸುವ ಉಪಾಯ ಒಂದೇ: ಅದೇ ಕ್ಷಣದ ಇಡೀ ಪಟ್ಟಿಯನ್ನು ಕೂಡಿಸಿ, ತನ್ನ ತಂಡದ ಪಾಲನ್ನು ಶೋಧಿಸಿ, ಬರಬೇಕಾದ ಮೊತ್ತಕ್ಕೆ ಗುಣಿಸಿ, ಪರದೆಯ ಅಂಕಿಯ ಪಕ್ಕದಲ್ಲಿಟ್ಟು ನೋಡುವುದು.

ಶ್ರೀಧರರು ಮಾರಲಿಲ್ಲ. “ಹದಿಮೂರು ಸಾವಿರ ಸುಮ್ಮನ ಬಿಟ್ಟುಕೊಡ್ಲೇನು?” ಎಂಬುದು ಅವರ ವಾದ. ಬದಲಿಗೆ ಪುಣೆಯಲ್ಲಿದ್ದ ಪತ್ನಿ ತಮ್ಮ ಕ್ರೆಡಿಟ್ ಕಾರ್ಡಿನಿಂದ 50,000 ನಗದು ತೆಗೆದರು. ತೆಗೆಯುವ ಶುಲ್ಕ ಶೇಕಡಾ 2.5, ಬಡ್ಡಿ ತಿಂಗಳಿಗೆ 3.5, ಎರಡು ತಿಂಗಳು, ಅದರ ಮೇಲೆ ಜಿಎಸ್‌ಟಿ; ಒಟ್ಟು ಖರ್ಚು ಸುಮಾರು 5,600 ರೂಪಾಯಿ.

ಈ ನಿರ್ಧಾರವನ್ನು ನಾನು ತಪ್ಪೆಂದು ಹೇಳಲಾರೆ, ಸರಿಯೆಂದೂ ಹೇಳಲಾರೆ. ಅವರು ಹದಿಮೂರು ಸಾವಿರದ ನಷ್ಟವೆಂದು ಕಂಡದ್ದರಲ್ಲಿ ಬಹುಪಾಲು ಜನವರಿಯಲ್ಲೇ ಹೋಗಿತ್ತು, ಮಾರಿದರೂ ಮಾರದಿದ್ದರೂ ಅದು ಬರುವಂಥದ್ದಲ್ಲ. ಅಂದು ಉಳಿದ ಮೂರು ಬಾಜಿಗಳ ನ್ಯಾಯಬೆಲೆ 672. ಮಾರಿದ್ದರೆ ಹೊಸದಾಗಿ ಹೋಗುತ್ತಿದ್ದದ್ದು 53 ಪೌಂಡ್, ಅಂದರೆ 5,300 ರೂಪಾಯಿ. ಮಾರದೆ ಕಾರ್ಡ್ ಉಜ್ಜಿದ್ದರಿಂದ ಹೋದದ್ದು 5,600. ಎರಡೂ ಬಾಗಿಲಲ್ಲಿ ಹೆಚ್ಚು ಕಡಿಮೆ ಒಂದೇ ಸುಂಕ. ಶೇಕಡಾ 7.6 ಎಂದು ನಾನು ಮೇಲೆ ಹಾಕಿದ ಬಡ್ಡಿ, ಏನೂ ಅವಘಡವಿಲ್ಲದ ಮನೆಯ ಲೆಕ್ಕವಾಗಿತ್ತು. ಹಣ ಬೇಕೆಂದಾಗ ಸಿಗದಿದ್ದರೆ ಅದರ ಬೆಲೆಯನ್ನು ಗೃಹಸಾಲದ ದರ ಹೇಳುವುದಿಲ್ಲ, ಆ ಹೊತ್ತಿಗೆ ಸಿಗುವ ಅತಿ ದುಬಾರಿ ಸಾಲ ಹೇಳುತ್ತದೆ.

ಊರಿಗೆ ಮರಳಿದ ಮೇಲೆ

ಸೆಪ್ಟೆಂಬರ್ ಮಧ್ಯದಲ್ಲಿ ಶ್ರೀಧರರು ಪುಣೆಗೆ ಮರಳಿದರು. ಬಾಜಿ ಕಟ್ಟುವಾಗ ಅವರು ಯೋಚಿಸಿರದ ಸಂಗತಿ ಆಗ ಎದುರಾಯಿತು: ಭಾರತದಿಂದ ಆ ಖಾತೆ ತೆರೆಯುವುದಿಲ್ಲ. ಕಟ್ಟಿದ ಬಾಜಿ ಊರ್ಜಿತದಲ್ಲೇ ಇರುತ್ತದೆ, ಆದರೆ ಕ್ಯಾಶ್‌ಔಟ್ ಒತ್ತುವ ದಾರಿ ಮುಚ್ಚಿತು. ವಿಪಿಎನ್ ಹಾಕಿಕೊಂಡು ಒಳಗೆ ಹೋಗಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಖಾತೆಯ ನಿಯಮದಲ್ಲಿ ಅದು ನಿಷಿದ್ಧ, ಗೆದ್ದ ಹಣವನ್ನೇ ತಡೆಹಿಡಿಯಲು ಅದು ಕಾರಣವಾಗಬಹುದು ಎಂದು ನಾನು ಹೇಳಿದ್ದನ್ನು ಅವರು ಒಪ್ಪಿದರು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಭಾರತ ಲೀಗ್‌ನ ಒಂಬತ್ತೂ ಪಂದ್ಯ ಗೆದ್ದಿತು. ನವೆಂಬರ್ 15ರಂದು ವಾಂಖೆಡೆಯ ಸೆಮಿಫೈನಲ್‌ಗೆ ಕಂಪನಿಯ ಯಾರದೋ ಟಿಕೆಟ್ ಸಿಕ್ಕಿ ಶ್ರೀಧರರು ಮುಂಬಯಿಗೆ ಬಂದಿದ್ದರು. ಕೊಹ್ಲಿಯ ಐವತ್ತನೆಯ ಏಕದಿನ ಶತಕವನ್ನೂ ಶಮಿಯ ಏಳು ವಿಕೆಟ್‌ಗಳನ್ನೂ ಕಣ್ಣಾರೆ ಕಂಡು, ರಾತ್ರಿ ಮಾಟುಂಗಾದ ನಮ್ಮ ಮನೆಗೆ ಬಂದಾಗ ಅವರ ಧ್ವನಿ ಪೂರ್ತಿ ಕುಳಿತುಹೋಗಿತ್ತು. ಮರುದಿನ ಬೆಳಿಗ್ಗೆ ಕಾಫಿಯ ಮುಂದೆ ನೋಟ್‌ಬುಕ್ ತೆರೆದರು. ಪುಣೆಯಲ್ಲಿ ಒಬ್ಬ ಬುಕ್ಕಿ ಗೊತ್ತು, ಫೈನಲ್‌ಗೆ ಎದುರಾಳಿಯ ಕಡೆ ಕಟ್ಟಿ ಲಾಭ ಖಾತ್ರಿ ಮಾಡಿಕೊಳ್ಳಲೇ ಎಂಬುದು ಪ್ರಶ್ನೆ. ಮಹಾರಾಷ್ಟ್ರದಲ್ಲಿ ಅಂಥ ಸಟ್ಟಾ 1887ರ ಜೂಜು ತಡೆ ಕಾಯ್ದೆಯ ಕೆಳಗೆ ಅಪರಾಧ; ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾನೂನನ್ನು ಪಕ್ಕಕ್ಕಿಟ್ಟು, ಇಂಗ್ಲೆಂಡಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ ನೋಡೋಣ ಎಂದೆ. ಈ ಪ್ರಕರಣದಲ್ಲಿ ನನಗೇ ಹೊಸದಾಗಿ ತಿಳಿದದ್ದು ಆ ಲೆಕ್ಕದಿಂದ.

ಎದುರಾಳಿ ಯಾರೆಂದು ಆ ಬೆಳಿಗ್ಗೆ ಇನ್ನೂ ಖಚಿತವಾಗಿರಲಿಲ್ಲ. ಅದು ಆಸ್ಟ್ರೇಲಿಯಾ ಎಂದೂ, ಫೈನಲ್‌ನ ಮುನ್ನಾದಿನದ ದರಗಳು ಭಾರತ 1.47, ಆಸ್ಟ್ರೇಲಿಯಾ 2.80 ಎಂದೂ ಹಿಡಿಯೋಣ. ಆಸ್ಟ್ರೇಲಿಯಾದ ಮೇಲೆ 464 ಪೌಂಡ್ ಕಟ್ಟಿದರೆ ಯಾರು ಗೆದ್ದರೂ ಸುಮಾರು 1,300 ಬರುತ್ತದೆ. ಮೊದಲು ಹಾಕಿದ 750, ಈಗಿನ 464, ಒಟ್ಟು 1,214 ಕಳೆದರೆ 86 ಪೌಂಡ್ ಖಚಿತ ಲಾಭ. ನಾಲ್ಕರಲ್ಲಿ ಒಂದು ಬಾಜಿ ಫೈನಲ್ ತಲುಪಿ, ಆ ತಂಡ ಹತ್ತಕ್ಕೆ ಹತ್ತು ಪಂದ್ಯ ಗೆದ್ದು, ಎದುರು ಬಾಜಿಗೆ ಬೇಕಾದ 464 ಪೌಂಡ್ ಹೊಸ ಹಣವೂ ಕೈಯಲ್ಲಿದ್ದು, ಇಷ್ಟೆಲ್ಲ ಕೂಡಿ ಬಂದಾಗ ಸಿಗುವುದು 86. ಆ 750ಕ್ಕೆ 308 ದಿನದ ಗೃಹಸಾಲದ ಬಡ್ಡಿ 57. ಉಳಿದದ್ದು 29 ಪೌಂಡ್.

ಇನ್ನು ತೆರಿಗೆ. ಇಂಗ್ಲೆಂಡಿನಲ್ಲಿ ಬಾಜಿ ಗೆದ್ದವನು ಆ ಗೆಲುವಿಗೆ ತೆರಿಗೆ ಕಟ್ಟುವುದಿಲ್ಲ. ಶ್ರೀಧರರ ಎಣಿಕೆಯೂ ಅದೇ ಆಗಿತ್ತು. ಆದರೆ ಸೆಪ್ಟೆಂಬರ್‌ನಲ್ಲಿ ಮರಳಿದ್ದರಿಂದ ಆ ಹಣಕಾಸು ವರ್ಷದಲ್ಲಿ ಅವರು ಭಾರತದಲ್ಲಿ 182 ದಿನ ದಾಟಿ, ಇಲ್ಲಿನ ನಿವಾಸಿಯಾಗಿ, ಪ್ರಪಂಚದ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲಿ ತೆರಿಗೆ ಕೊಡಬೇಕಾದವರಾಗುತ್ತಿದ್ದರು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 115BB ಕಲಮಿನಂತೆ ಬಾಜಿಯ ಗೆಲುವಿಗೆ ಶೇಕಡಾ 30, ಸೆಸ್ ಸೇರಿ 31.2, ಮತ್ತು 58(4)ರಂತೆ ಅದರಲ್ಲಿ ಯಾವ ಖರ್ಚನ್ನೂ ಕಳೆಯುವಂತಿರಲಿಲ್ಲ, ಸೋತ ಬಾಜಿಗಳನ್ನೂ ಸಹ. ಭಾರತ ಗೆದ್ದರೆ 900ರ ಗೆಲುವಿಗೆ 281 ತೆರಿಗೆ. ಚೀಟಿಯ 3.25 ಅಲ್ಲಿಗೆ 2.55 ಆಗಿಬಿಡುತ್ತದೆ, ನಷ್ಟವಿಲ್ಲದೆ ನಿಲ್ಲಲು ಜನವರಿಯಲ್ಲಿ ಭಾರತದ ಸಂಭವನೀಯತೆ 42 ಇರಬೇಕಿತ್ತು. ಎದುರು ಬಾಜಿ ಕಟ್ಟಿದ್ದರೆ ಇನ್ನೂ ವಿಚಿತ್ರ: ಭಾರತ ಗೆದ್ದರೆ 86ರ ಲಾಭದ ಮೇಲೆ 281 ತೆರಿಗೆ, ಅಂದರೆ 195ರ ನಷ್ಟ, ಆಸ್ಟ್ರೇಲಿಯಾ ಗೆದ್ದರೆ ಸುಮಾರು 175ರ ನಷ್ಟ. ಖಾತ್ರಿ ಲಾಭವೆಂದು ಕರೆದದ್ದು ತೆರಿಗೆಯ ನಂತರ ಖಾತ್ರಿ ನಷ್ಟ. ಒಂದು ಪಂದ್ಯದ ಬಾಜಿ ಕಟ್ಟಿದ ದೇಶದಲ್ಲೇ ಅದೇ ಸಂಜೆ ಮುಗಿಯುತ್ತದೆ. ಹತ್ತು ತಿಂಗಳ ಬಾಜಿ ತೆರೆದಿರುವಾಗ ಕಟ್ಟಿದವನ ಊರು, ಕೆಲಸ, ತೆರಿಗೆಯ ನೆಲೆ ಎಲ್ಲವೂ ಬದಲಾಗಬಹುದು. ದರಪಟ್ಟಿಗೆ ಅದರ ಪರಿವೆಯಿಲ್ಲ.

ಕಾಫಿ ಆರಿಹೋಗಿತ್ತು. “ಹಂಗಾದ್ರ ಇಂಡಿಯಾ ಗೆದ್ರೂ ನನಗ ಕೈಗೆ ಏನು ಬರ್ತದರಿ?” ಎಂದು ಕೇಳಿದರು. 1,300ರಲ್ಲಿ 281 ತೆರಿಗೆ, 750 ಅಸಲು, 57 ಬಡ್ಡಿ, ಕಾರ್ಡಿನ 56 ಕಳೆದು ಬರೆದು ತೋರಿಸಿದೆ: 156 ಪೌಂಡ್. ಅವರು ಅದನ್ನು ಬಹಳ ಹೊತ್ತು ನೋಡಿದರು.

ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ 240ಕ್ಕೆ ಆಲೌಟ್ ಆಯಿತು. ಟ್ರಾವಿಸ್ ಹೆಡ್ 137 ಹೊಡೆದರು, ಆಸ್ಟ್ರೇಲಿಯಾ ಆರು ವಿಕೆಟ್‌ಗಳಿಂದ ಗೆದ್ದಿತು. ಸೋಲು ಈ ಪ್ರಕರಣದ ತೀರ್ಪಲ್ಲವೆಂದು ನಾನು ಅಂದಿನಿಂದಲೂ ವಾದಿಸುತ್ತಿದ್ದೇನೆ: ಗೆದ್ದಿದ್ದರೂ ಜನವರಿಯ ಕೊಳ್ಳುವಿಕೆ ದುಬಾರಿಯದೇ ಆಗಿರುತ್ತಿತ್ತು, ಗೆಲುವು ಅದನ್ನು ಮುಚ್ಚಿಡುತ್ತಿತ್ತಷ್ಟೆ. ಶ್ರೀಧರರು ಇದನ್ನು ಅರ್ಧ ಮಾತ್ರ ಒಪ್ಪುತ್ತಾರೆ. ಲಾಭಾಂಶದ ಲೆಕ್ಕ ಸರಿ, ಆದರೆ ಅಂದಿನ ಪಿಚ್ ನಿಧಾನವಾಗಿರದಿದ್ದರೆ ಎಂದು ಮಾತು ತೆಗೆಯುತ್ತಾರೆ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದ ಮೇಲೆ ಇಲ್ಲಿ ಕುಳಿತು ಮತ್ತೆ ಪ್ರಯತ್ನಿಸುವ ಪ್ರಶ್ನೆ ಅವರಿಗೆ ಉಳಿದಿಲ್ಲ.

ಅವರು ನನಗೆ ಕೊಟ್ಟ ನೋಟ್‌ಬುಕ್ಕಿನ ಆ ಪುಟದಲ್ಲಿ ನಾಲ್ಕೂ ತಂಡಗಳ ಸಾಲುಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಲಾಗಿದೆ, ಕೆಳಗೆ ಶ್ರೀಧರರ ಅಕ್ಷರದಲ್ಲಿ ‘ಒಟ್ಟು ಹೋದದ್ದು 750’ ಎಂದಿದೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಇನ್ನೊಂದು ಸಾಲು ಇದೆ: ‘ಕಾರ್ಡ್ 5,600 ಬ್ಯಾರೆ.’ ಅದನ್ನು ಬರೆದವರು ಅವರ ಪತ್ನಿ.